ಗಾಳಿ ಅಳೆದದ್ದು ಸಾಲಲಿಲ್ಲ, ರಕ್ತ ನೋಡಿದೆ: ನನ್ನ ಅನುಭವ

ಸೋಮವಾರಪೇಟೆ ಕಡೆಯ ಅರೇಬಿಕಾ ತೋಟ. ಬಿಳಿ ಕಾಂಡಕೊರಕಕ್ಕೆ ಕ್ಲೋರ್‌ಪೈರಿಫಾಸ್ ಹೊಡೆಯುವ ಸಮಯ. ಉಸಿರಾಡುವ ಗಾಳಿಯಲ್ಲಿ ಔಷಧಿ ಎಷ್ಟಿದೆ ನೋಡಲು ಕೆಲಸಗಾರರ ಕಾಲರ್‌ಗೆ ಟ್ಯೂಬ್ ಸಿಕ್ಕಿಸಿ, ನಿಮಿಷಕ್ಕೆ ಒಂದು ಲೀಟರ್‌ನಂತೆ ಪಂಪ್ ಓಡಿಸಿದೆ. ಒಬ್ಬರಿಗೆ ಆರೇಳು ಸಾವಿರ ಖರ್ಚು. ಬಂದದ್ದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ ಮಿತಿಯ ಹತ್ತನೇ ಒಂದು ಭಾಗವೂ ಇಲ್ಲ. "ಗಾಳಿ ಸರಿ ಇದೆಯಲ್ಲ, ಇನ್ನೇನು ಸಾರ್?" ಅಂದರು ಮ್ಯಾನೇಜರ್.

ಆದರೆ ಸಂಜೆ ತಲೆನೋವು ಅಂತಿದ್ದವರ ಬೆನ್ನು ನೋಡಿ. ಕ್ಯಾನ್ ಸೋರಿ ಅಂಗಿ ಒದ್ದೆ, ಬಟ್ಟೆ ಗ್ಲೌಸ್ ಹಿಂಡಿದರೆ ಔಷಧಿ. ಚರ್ಮದಿಂದ ಒಳಗೆ ಹೋಗುವುದನ್ನು ಕಾಲರ್‌ನ ಟ್ಯೂಬ್ ಹೇಗೆ ಹೇಳುತ್ತೆ? ಆ ಮಿತಿಯ ಪಕ್ಕದಲ್ಲೇ 'ಸ್ಕಿನ್' ಅಂತ ಗುರುತಿರುತ್ತೆ, ಯಾರೂ ಓದಲ್ಲ.

ಮುಂದಿನ ಸೀಸನ್‌ಗೆ ಸ್ಪ್ರೇ ಶುರುವಾಗುವ ಮೊದಲೇ ಎಲ್ಲರ ರಕ್ತದ ಕೋಲಿನೆಸ್ಟರೇಸ್ ನೋಡಿಸಿದೆ. ಈ ಔಷಧಿ ಮೈಯೊಳಗೆ ಹೋದರೆ ಇಳಿಯುವ ಕಿಣ್ವ ಅದು. ಔಷಧಿ ಮುಟ್ಟಿ ಒಂದು ತಿಂಗಳ ಮೇಲಾಗಿತ್ತು. "ಕಾಯಿಲೆಯೇ ಇಲ್ಲದವರ ರಕ್ತಕ್ಕೆ ದುಡ್ಡಾ?" ಅಂತ ನಕ್ಕರು. ಒಂದು ಟೆಸ್ಟ್‌ಗೆ ಎಂಟುನೂರರ ಆಸುಪಾಸು, ಪಂಪ್‌ಗಿಂತ ಎಷ್ಟೋ ಅಗ್ಗ. ಮೊದಲ ಬಾಕ್ಸ್ ಮೈಸೂರು ತಲುಪುವಷ್ಟರಲ್ಲಿ ಐಸ್ ಕರಗಿ, ಆ ಸ್ಯಾಂಪಲ್ ಎಲ್ಲ ದಂಡ. ಆಮೇಲೆ ಬಾಕ್ಸ್ ತಂಪಾಗಿಡಲು ಒಂದು ಉಪಾಯ ಮಾಡಿದೆ. ಅದು ನನ್ನಲ್ಲೇ ಇರಲಿ.

ಒಬ್ಬರ ಲೆಕ್ಕ ನೆನಪಿದೆ. ಸ್ಪ್ರೇಗೆ ಮೊದಲು ಪ್ಲಾಸ್ಮಾದಲ್ಲಿ 8200, ಎರಡು ವಾರ ಹೊಡೆದ ಮೇಲೆ 5400. ಲ್ಯಾಬ್‌ನವರ ನಾರ್ಮಲ್ ಸುಮಾರು 5000ದಿಂದ ಶುರು, ಹಾಗಾಗಿ ರಿಪೋರ್ಟ್‌ನಲ್ಲಿ 'ನಾರ್ಮಲ್' ಅಂತಲೇ ಇತ್ತು. ಆದರೆ ಅವರದ್ದೇ ಮೊದಲ ಅಂಕಿಗೆ ಹೋಲಿಸಿದರೆ ಶೇ. 66. ಮೂರರಲ್ಲಿ ಒಂದು ಭಾಗ ಹೋಗಿದೆ! ಕೆಂಪು ರಕ್ತಕಣದ ಟೆಸ್ಟ್ ಮಾತ್ರ ಹೆಚ್ಚು ಇಳಿದಿರಲಿಲ್ಲ. ಕ್ಲೋರ್‌ಪೈರಿಫಾಸ್ ಮೊದಲು ಹೊಡೆಯುವುದು ಪ್ಲಾಸ್ಮಾದ್ದನ್ನೇ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಶೇ. 80ಕ್ಕಿಂತ ಇಳಿದರೆ ಕೆಲಸದ ರೀತಿ ಪರಿಶೀಲಿಸಬೇಕು, ಪ್ಲಾಸ್ಮಾ ಶೇ. 60ಕ್ಕೆ ಬಂದರೆ ಕೆಲಸದಿಂದ ದೂರ ಇಡಬೇಕು. ನಾನು ಅಲ್ಲಿವರೆಗೆ ಕಾಯದೆ ಅವರನ್ನು ಕಳೆ ಕೀಳಲು ಹಾಕಿಸಿದೆ. ಸೋರುವ ಕ್ಯಾನ್ ಬದಲಾಯ್ತು, ನೈಟ್ರೈಲ್ ಗ್ಲೌಸ್ ಬಂತು. ಉಳಿದವರ ಅಂಕಿ ಆಮೇಲೆ ಶೇ. 85ರ ಕೆಳಗೆ ಬರಲಿಲ್ಲ. ನಕ್ಕವರು ಈಗ ಪಕ್ಕದ ತೋಟಕ್ಕೂ ನನ್ನನ್ನೇ ಕರೆಸ್ತಾರೆ.

ಸುಮ್ನೆ ಕುತೂಹಲಕ್ಕೆ ಮೂತ್ರದಲ್ಲಿ ಟಿಸಿಪಿವೈ ಕೂಡ ನೋಡಿಸಿದೆ. ಕ್ಲೋರ್‌ಪೈರಿಫಾಸ್ ದೇಹದಲ್ಲಿ ಒಡೆದು ಬರುವುದು ಅದು. ಅರ್ಧ ಇಳಿಯಲು ಒಂದು ದಿನದ ಮೇಲೆ ಬೇಕು, ಹಾಗಾಗಿ ಮರುದಿನ ಬೆಳಗಿನ ಮೂತ್ರ ಹಿಡಿದೆ, ಕೈ ಸೋಪಿನಲ್ಲಿ ತೊಳೆಸಿ. ನೀರು ಜಾಸ್ತಿ ಕುಡಿದವರದ್ದು ತೆಳುವಾಗಿತ್ತು. ಕ್ರಿಯಾಟಿನಿನ್ ಲೀಟರ್‌ಗೆ 0.3 ಗ್ರಾಂಗಿಂತ ಕಡಿಮೆ ಇದ್ದದ್ದನ್ನು ಬಿಟ್ಟು ಮತ್ತೆ ತೆಗೆಸಿದೆ. ಬೆಲೆ ಮಾತ್ರ ಕೇಳಬೇಡಿ, ರಕ್ತದ ಟೆಸ್ಟ್‌ನ ಐದಾರು ಪಟ್ಟು. ತೋಟಕ್ಕೇ ಇಳಿಯದ, ಲೆಕ್ಕ ಬರೆಯುವ ರೈಟರ್ ಮೂತ್ರದಲ್ಲೂ ಸ್ವಲ್ಪ ಸಿಕ್ಕಿತು. ತರಕಾರಿ, ಹಣ್ಣಿನಲ್ಲಿ ಉಳಿದ ಔಷಧಿಯಿಂದಲೂ ಅದು ಬರುತ್ತೆ. ಅದಕ್ಕೇ ಸ್ಪ್ರೇಗೆ ಮೊದಲಿನ ಮೂತ್ರವನ್ನೂ ಹಿಡಿದಿಡಿ. ಇಲ್ಲದಿದ್ದರೆ ಮ್ಯಾನೇಜರ್ ಎಲ್ಲವನ್ನೂ ಸಂತೆಯ ಬದನೆಕಾಯಿ ಮೇಲೆ ಹಾಕ್ತಾರೆ.