ಎರಡೆಲೆ–ಒಂದು ಮೊಗ್ಗು: ಫೋಟೋದಲ್ಲಿ ಬಂಜಿ ಚಿಗುರು ಬೇರ್ಪಡಿಸಿದ್ದು

ಧಾರವಾಡದಲ್ಲಿ ಕುಳಿತು ನೀಲಗಿರಿಯ ಚಹಾ ಗಿಡಗಳ ಫೋಟೋಗಳಿಗೆ ಗುರುತು ಹಾಕುವಾಗ, ಮೊಗ್ಗಿನ ಬೆಳವಣಿಗೆ ನಿಂತ ಬಂಜಿ ಚಿಗುರುಗಳೂ, ಕೀಳಲು ಯೋಗ್ಯವಾದ ‘ಎರಡೆಲೆ–ಒಂದು ಮೊಗ್ಗು’ ಚಿಗುರುಗಳ ಲೆಕ್ಕಕ್ಕೆ ಸೇರುತ್ತಿದ್ದವು. ಕಾರಣ ಫೋಟೋದ ಕೋನ. ನೇರ ಮೇಲಿನಿಂದ ತೆಗೆದರೆ ಮೊಗ್ಗು ಬರೀ ಚುಕ್ಕೆಯಾಗಿ ಕಾಣುತ್ತದೆ, ಅದರ ಉದ್ದವೇ ತಿಳಿಯುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ತೆಗೆದ ಫೋಟೋಗಳಲ್ಲಿ ವ್ಯತ್ಯಾಸ ಸ್ಪಷ್ಟವಾಯಿತು: ಬೆಳೆಯುತ್ತಿರುವ ಮೊಗ್ಗು ಸುರುಳಿ ಸುತ್ತಿದ ಸೂಜಿಯಂತೆ ಉದ್ದ, ಚೂಪು, ಬಂಜಿಯದು ಗಿಡ್ಡ, ಬೆಳವಣಿಗೆ ನಿಂತದ್ದು, ಪಕ್ಕದ ಎಲೆಯೂ ಬೇಗ ಗಡುಸಾಗುತ್ತದೆ.

ಗುರುತಿನ ಚೌಕವನ್ನು ಮೊಗ್ಗಿನ ತುದಿಯಿಂದ ಎರಡನೇ ಎಲೆಯ ಕೆಳಗಿನ ದಂಟಿನವರೆಗೂ ಎಳೆಯಬೇಕು. ಎಲೆಗಳನ್ನು, ಅವು ದಂಟಿಗೆ ಅಂಟಿರುವ ಗಂಟುಗಳಿಂದ ಎಣಿಸಿದರೆ ಹಿಂಬದಿಯಲ್ಲಿ ಕಾಣುವ ಬೇರೆ ಚಿಗುರಿನ ಎಲೆ ಸೇರಿಕೊಳ್ಳುವುದಿಲ್ಲ. ಗಂಟು ಮರೆಯಾಗಿದ್ದರೆ ಊಹಿಸದೆ ‘ಅಸ್ಪಷ್ಟ’ ಎಂದೇ ಬರೆಯಿರಿ.