ನಮ್ಮ ಗೃಹಪ್ರವೇಶಕ್ಕೆ ಕರೆಯಲು ನಾನು ಬರೆದ 45 ಸೆಕೆಂಡಿನ ವಿಡಿಯೊ

ಗೃಹಪ್ರವೇಶದ ಆಮಂತ್ರಣಕ್ಕೆ ನಾನು ಮೊದಲು ಮಾಡಿದ ವಿಡಿಯೊ ಎರಡು ನಿಮಿಷಕ್ಕಿಂತ ಜಾಸ್ತಿ ಇತ್ತು. ಹಾಲ್, ಅಡುಗೆಮನೆ, ಮೆಟ್ಟಿಲು, ಬಾಲ್ಕನಿ ಎಲ್ಲವನ್ನೂ ಫೋನ್ ಹಿಡಿದು ನಡೆಯುತ್ತಾ ತೆಗೆದಿದ್ದೆ. ಅಮ್ಮ ಪೂರ್ತಿ ನೋಡಿ, "ಮನೆ ಚೆನ್ನಾಗಿ ಕಾಣ್ತಿದೆ. ಆದ್ರೆ ಕರೀತಿರೋದು ಯಾರು?" ಅಂದರು. ಅವರ ಮಾತು ನಿಜ. ವಿಡಿಯೊದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಮಾರಾಟಕ್ಕಿಟ್ಟ ಮನೆ ತೋರಿಸಿದ ಹಾಗಿತ್ತು.

ಎರಡನೇ ಸಲ ಕ್ಯಾಮೆರಾ ಮುಟ್ಟುವ ಮೊದಲು ಬರೆಯಲು ಕೂತೆ. ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಮನೆ ಒಂಟಿಯಾಗಿ ಕಾಣಬಾರದು, ಪ್ರತಿ ದೃಶ್ಯದಲ್ಲೂ ನಮ್ಮವರ ಮುಖವೋ ಕೈಯೋ ಇರಲೇಬೇಕು ಅಂತ ನಿಯಮ ಮಾಡಿಕೊಂಡೆ. ಕೊನೆಗೆ ಉಳಿದದ್ದು ಇಷ್ಟು:

0–4 ಸೆಕೆಂಡು. ಬಾಗಿಲ ಹಿಡಿಯ ಮೇಲೆ ಮಗಳ ಪುಟ್ಟ ಕೈ. ಬಾಗಿಲು ತೆರೆಯುತ್ತದೆ. ಚಿಲಕದ ಸದ್ದು ಮಾತ್ರ.

4–14. ಅಮ್ಮ ಕಿಟಕಿ ತೆರೆಯುತ್ತಾರೆ. ನಡುವೆ ಕಟ್ಟಡ ಏಳುತ್ತಿದ್ದಾಗಿನ ಹಳೆಯ ಕ್ಲಿಪ್, ಮೂರು ಸೆಕೆಂಡು. ಅಮ್ಮನ ದನಿ: "ನಮ್ದೂ ಅಂತ ಒಂದು ಮನೆ ಇರ್ಲಿ ಅಂತ ಎಷ್ಟೋ ವರ್ಷದ ಆಸೆ. ಈಗ ಕೈಗೂಡ್ತು."

14–22. ಖಾಲಿ ಹಾಲ್‌ನಲ್ಲಿ ಯಜಮಾನರು ಕುರ್ಚಿ ಜೋಡಿಸುತ್ತಿದ್ದಾರೆ. ಅವರ ದನಿ: "ಗೋಡೆ ಎದ್ದಿದೆ. ನೀವು ಬಂದು ಕೂತ್ರೆ ಇದು ಮನೆ ಆಗುತ್ತೆ."

22–34. ಮೆಟ್ಟಿಲ ಮೇಲೆ ನಾನು, ಕ್ಯಾಮೆರಾ ನೋಡಿಕೊಂಡು: "ಮೇ 18, ಭಾನುವಾರ, ಬೆಳಿಗ್ಗೆ 10 ಗಂಟೆಗೆ ಗೃಹಪ್ರವೇಶ. ಮನೆಮಂದಿಯೆಲ್ಲಾ ಬರ್ಬೇಕು." ಅದೇ ದಿನ, ಸಮಯ ತೆರೆಯ ಮೇಲೆ.

34–45. ಮಗಳು: "ನನ್ನ ರೂಮ್ ತೋರಿಸ್ತೀನಿ, ಬನ್ನಿ!" ಎಲ್ಲರೂ ಬಾಗಿಲಲ್ಲಿ ನಿಂತು: "ಬನ್ನಿ!" ಆಮೇಲೆ ಮೂರು ಸೆಕೆಂಡು ಸುಮ್ನೆ ಆ ನಗು.

ಪೂರ್ತಿ ಮಾತು ಮೂವತ್ತೈದು ಪದ ದಾಟುವುದಿಲ್ಲ. ಕಡಿಮೆ ಅನ್ನಿಸಬಹುದು, ಆದರೆ ಕನ್ನಡದ ಪದಗಳು ಉದ್ದ. ಜೋರಾಗಿ ಓದಿ ಗಡಿಯಾರ ನೋಡಿದಾಗಲೇ ಗೊತ್ತಾಗುವುದು. ಮನಸ್ಸಿನಲ್ಲೇ ಓದಿದರೆ ಸಮಯ ಯಾವಾಗಲೂ ಕಡಿಮೆ ಬರುತ್ತದೆ. ನನ್ನ ಮೊದಲ ಕರಡಿನಲ್ಲಿ "ತಮ್ಮ ಆಗಮನವನ್ನು ಬಯಸುವ" ಅಂತೆಲ್ಲ ಇತ್ತು. ಅಮ್ಮ ಅದನ್ನು ಹೇಳುವಾಗ ಪ್ರತಿ ಸಲ ತಡವರಿಸಿದರು. ಕಾಗದ ಪಕ್ಕಕ್ಕಿಟ್ಟು, "ಅತ್ತೆಗೆ ಫೋನ್ ಮಾಡಿದ್ರೆ ಹೇಗೆ ಹೇಳ್ತೀಯಮ್ಮಾ?" ಅಂತ ಕೇಳಿದೆ. ಅವರು ಹೇಳಿದ್ದನ್ನೇ ಬರೆದುಕೊಂಡೆ. ಮೇಲಿರುವುದು ಆ ಮಾತೇ.

ದಿನಾಂಕದ ಸಾಲನ್ನು ಮೂರು ಸಲ ತಿದ್ದಿದೆ. ಮೊದಲು "ಬರುವ ಭಾನುವಾರ" ಅಂತಿತ್ತು. ವಿಡಿಯೊವನ್ನು ಒಬ್ಬರು ಇವತ್ತು ನೋಡುತ್ತಾರೆ, ಇನ್ನೊಬ್ಬರು ವಾರ ಬಿಟ್ಟು ನೋಡುತ್ತಾರೆ. ಯಾವ ಭಾನುವಾರ ಅಂತ ಗೊಂದಲ ಆಗುತ್ತದೆ ಅಲ್ವಾ? ತಾರೀಖನ್ನೇ ಹೇಳಬೇಕು. ಎಷ್ಟೋ ಜನ ಸದ್ದು ಆರಿಸಿ ನೋಡುವುದರಿಂದ ಅಕ್ಷರದಲ್ಲೂ ಇರಬೇಕು. ನಿಧಾನವಾಗಿ ಎರಡು ಸಲ ಓದಲು ಆಗುವಷ್ಟು ಹೊತ್ತು ಅದನ್ನು ತೆರೆಯ ಮೇಲೆ ಬಿಟ್ಟೆ. ತೀರಾ ಕೆಳಗೆ ಹಾಕಿದ್ದಾಗ ಆ್ಯಪ್‌ನ ಬಟನ್‌ಗಳ ಹಿಂದೆ ಮುಚ್ಚಿಹೋಗಿತ್ತು. ಆಮೇಲೆ ನಡುವಿಗಿಂತ ಸ್ವಲ್ಪ ಕೆಳಗೆ ತಂದೆ.

ಚಿತ್ರೀಕರಣದಲ್ಲಿ ಹೆಚ್ಚು ಕಾಡಿದ್ದು ಖಾಲಿ ಮನೆಯ ಪ್ರತಿಧ್ವನಿ. ಹಾಲ್‌ನಲ್ಲಿ ಹೇಳಿದ ಮಾತು ಬಾವಿಯೊಳಗಿಂದ ಬಂದ ಹಾಗಿತ್ತು. ಅಮ್ಮ ಮತ್ತು ಯಜಮಾನರ ಮಾತನ್ನು ಹಳೆಯ ಮನೆಯಲ್ಲಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿದೆ. ಅವರ ದೃಶ್ಯಗಳಲ್ಲಿ ತುಟಿ ಕಾಣಿಸದ ಹಾಗೆ ಬರೆದಿದ್ದರಿಂದ ಇದು ಸುಲಭವಾಯಿತು. ಕಿಟಕಿಯ ಮುಂದೆ ನಿಂತ ಅಮ್ಮನ ಮುಖ ಮೊದಲು ಕಪ್ಪಾಗಿ ಬಂದಿತ್ತು. ನಾನು ಪಕ್ಕಕ್ಕೆ ಸರಿದು, ಬೆಳಕು ಅವರ ಕೆನ್ನೆಗೆ ಬೀಳುವ ಕಡೆಯಿಂದ ತೆಗೆದ ಮೇಲೆ ಸರಿಹೋಯಿತು.

ಎಲ್ಲವನ್ನೂ ಫೋನನ್ನು ನಿಲ್ಲಿಸಿ ಹಿಡಿದೇ ತೆಗೆದೆ, ಕೈ ಅಲ್ಲಾಡಿಸದೆ. ಪ್ರತಿ ದೃಶ್ಯವನ್ನೂ ಬೇಕಾದ್ದಕ್ಕಿಂತ ಎರಡು ಸೆಕೆಂಡು ಮುಂಚೆ ಶುರುಮಾಡಿ ಎರಡು ಸೆಕೆಂಡು ತಡವಾಗಿ ನಿಲ್ಲಿಸಿದೆ. ಮಗಳ ಒಳ್ಳೆಯ ನಗು ಸಿಕ್ಕಿದ್ದು ಆ ಕೊನೆಯ ಎರಡು ಸೆಕೆಂಡಿನಲ್ಲೇ.

ವಿಳಾಸವನ್ನು ವಿಡಿಯೊದಲ್ಲಿ ಹಾಕಲಿಲ್ಲ. ಅದು ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು, ಮನೆ ನಂಬರ್ ಕಾಣುವ ದೃಶ್ಯವನ್ನೂ ತೆಗೆದುಹಾಕಿದೆ. ಅಲ್ಲದೆ ವಿಡಿಯೊದಲ್ಲಿರುವ ಅಕ್ಷರವನ್ನು ಸುಲಭವಾಗಿ ನಕಲು ಮಾಡಿಕೊಳ್ಳಲು ಆಗುವುದಿಲ್ಲ. ವಿಡಿಯೊ ಕಳಿಸಿದ ತಕ್ಷಣ ಅದರ ಕೆಳಗೆ ವಿಳಾಸ, ಮ್ಯಾಪ್ ಲಿಂಕ್ ಮತ್ತು ಅವರವರ ಹೆಸರು ಹಿಡಿದು ಒಂದು ಸಾಲು ಬರೆದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಲು ಎರಡು ಸಂಜೆ ಹಿಡಿಯಿತು.