ಅಡಿಕೆ ದರ ಏರುವಾಗ ಉಳಿದ ದಾಸ್ತಾನಿಗೆ ಯಾವ ಬೆಲೆ ಕಟ್ಟಬೇಕು?

ಮಾರ್ಚ್ 31ಕ್ಕೆ ಅಂಗಡಿಯಲ್ಲಿ 10 ಕ್ವಿಂಟಲ್ ರಾಶಿ ಅಡಿಕೆ ಉಳಿದಿದೆ. ಅದನ್ನು ಯಾವ ಬೆಲೆಗೆ ಬರೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಆ ವರ್ಷದ ಲಾಭವೇ ಬದಲಾಗುತ್ತದೆ.

ಸಾಗರದ ಒಬ್ಬ ಸಣ್ಣ ವ್ಯಾಪಾರಿಯ ಲೆಕ್ಕ ಅಂದುಕೊಳ್ಳಿ. ಅಂಕಿಗಳು ಉದಾಹರಣೆಗಷ್ಟೇ. ಮೊದಲು ಖರೀದಿಯನ್ನು ದಿನದ ಪ್ರಕಾರ ಬರೆಯಿರಿ: 10 ಕ್ವಿಂಟಲ್ 45,000ದಂತೆ, ಆಮೇಲೆ 5 ಕ್ವಿಂಟಲ್ 48,000ದಂತೆ, ಕೊನೆಗೆ 15 ಕ್ವಿಂಟಲ್ 52,000ದಂತೆ. ಒಟ್ಟು 30 ಕ್ವಿಂಟಲ್‌ಗೆ 14,70,000 ರೂಪಾಯಿ. ಇದರಲ್ಲಿ 20 ಕ್ವಿಂಟಲ್ 55,000ದಂತೆ ಮಾರಿ 11,00,000 ಬಂತು.

ಫಿಫೋ ಎಂಬ ಪದ್ಧತಿಯಲ್ಲಿ ಮೊದಲು ಬಂದದ್ದು ಮೊದಲು ಹೋಯಿತು ಎಂದು ಲೆಕ್ಕ. ನಿಜವಾಗಿ ಯಾವ ಚೀಲ ಹೋಯಿತು ಅನ್ನುವುದು ಇಲ್ಲಿ ಮುಖ್ಯವಲ್ಲ. ಮೊದಲ 10, ನಂತರದ 5, ಕೊನೆಯ ಖರೀದಿಯಿಂದ 5 ಕ್ವಿಂಟಲ್ ಸೇರಿ ಮಾರಿದ ಮಾಲಿನ ಅಸಲು 9,50,000. ಲಾಭ 1,50,000. ಉಳಿದದ್ದೆಲ್ಲ ಹೊಸ ದರದ್ದು, ದಾಸ್ತಾನು 5,20,000.

ತೂಕದ ಸರಾಸರಿಯಲ್ಲಿ 14,70,000ವನ್ನು 30ರಿಂದ ಭಾಗಿಸಿ. ಕ್ವಿಂಟಲ್‌ಗೆ 49,000. ಅಸಲು 9,80,000, ಲಾಭ 1,20,000, ದಾಸ್ತಾನು 4,90,000. ತುಂಬ ಜನ ತಪ್ಪುವುದು ಇಲ್ಲೇ. ಮೂರು ದರ ಕೂಡಿಸಿ ಮೂರರಿಂದ ಭಾಗಿಸಿದರೆ 48,333 ಬರುತ್ತದೆ, ಅದು ಸುಮ್ನೆ ದರದ ಸರಾಸರಿ. ಪರೀಕ್ಷೆ ಸುಲಭ: ಅಸಲು ಮತ್ತು ದಾಸ್ತಾನು ಕೂಡಿಸಿದರೆ 14,70,000 ಬರಲೇಬೇಕು. ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಿಗೆ ಬೇರೆ ಬೇರೆ ಸರಾಸರಿ ತೆಗೆಯಿರಿ.

ಫಿಫೋದಲ್ಲಿ 30,000 ಜಾಸ್ತಿ ಲಾಭ ಕಂಡಿತು, ಆದರೆ ಗಲ್ಲಾಪೆಟ್ಟಿಗೆಗೆ ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ, ಅಲ್ವಾ? ಆ ಹಣ ದಾಸ್ತಾನಿನ ಬೆಲೆಯಲ್ಲೇ ಕೂತಿದೆ. ಅದನ್ನು ಲಾಭ ಅಂತ ಮನೆಖರ್ಚಿಗೆ ತೆಗೆದರೆ, ಏರಿದ ದರದಲ್ಲಿ ಮತ್ತೆ ಮಾಲು ಹಾಕಲು ದುಡ್ಡು ಸಾಲದು. ತೆರಿಗೆಯೂ ಈ ವರ್ಷವೇ ಬೀಳುತ್ತದೆ.

ಮುಂದಿನ ವರ್ಷ ಹೊಸ ಖರೀದಿ ಇಲ್ಲದೆ ಆ 10 ಕ್ವಿಂಟಲ್ 57,000ದಂತೆ ಮಾರಿದರೆ ಫಿಫೋದಲ್ಲಿ ಲಾಭ 50,000, ಸರಾಸರಿಯಲ್ಲಿ 80,000. ಎರಡೂ ವರ್ಷ ಸೇರಿಸಿದರೆ ಎರಡರಲ್ಲೂ 2,00,000. ಬದಲಾದದ್ದು ಲಾಭ ಕಾಣುವ ವರ್ಷ ಮಾತ್ರ. ದರ ಏರುತ್ತಲೇ ಇದ್ದು, ದಾಸ್ತಾನು ಖಾಲಿಯಾಗದೆ ಇದ್ದರೆ ಈ ವ್ಯತ್ಯಾಸ ಹಾಗೇ ಮುಂದಕ್ಕೆ ಹೋಗುತ್ತದೆ.

ನಮ್ಮ ದೇಶದ ದಾಸ್ತಾನು ಲೆಕ್ಕದ ಮಾನದಂಡ ಎಎಸ್-2 ಎರಡನ್ನೂ ಒಪ್ಪುತ್ತದೆ. ನನ್ನ ಪ್ರಕಾರ, ದರ ಪದೇ ಪದೇ ಏರಿಳಿಯುವ ಅಡಿಕೆಗೆ ಸರಾಸರಿಯೇ ವಾಸಿ. ಆದರೆ ವರ್ಷಕ್ಕೊಂದು ಪದ್ಧತಿ ಹಿಡಿಯುವಂತಿಲ್ಲ. ಅಸಲು ಮತ್ತು ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನೇ ಬರೆಯಬೇಕು. ವರ್ಷದ ಕೊನೆಗೆ ದರ ಕುಸಿದು, ಮಾರಾಟದ ಖರ್ಚು ಕಳೆದು ಕ್ವಿಂಟಲ್‌ಗೆ 50,000 ಸಿಗುವಂತಾದರೆ ಫಿಫೋದ 5,20,000 ನಿಲ್ಲುವುದಿಲ್ಲ, 5,00,000ಕ್ಕೆ ಇಳಿಸಬೇಕು. ಸರಾಸರಿಯ 4,90,000 ಹಾಗೇ ಇರುತ್ತದೆ.